ಬರ್ನರ್ ಮಗುಚಿ, ಆಮೇಲೆ ಫೋಟೋ ತೆಗೆಯಿರಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೇಳುತ್ತಿರುವವರು ಒಂದು ನಿಮಿಷ ನಿಮ್ಮ ಗ್ಯಾಸ್ ಒಲೆ ಕಡೆ ನೋಡಿ. ಉರಿಯುತ್ತಿದ್ದರೆ ನೋಡಿದರೆ ಸಾಕು, ಮುಟ್ಟಬೇಡಿ. ಸುತ್ತಲೂ ತೂತು ಇರುವ ದುಂಡನೆಯ ಹಿತ್ತಾಳೆ ತುಂಡು ಕಾಣುತ್ತದಲ್ಲ, ಅದೇ ಬರ್ನರ್. ನಾನು ತುಮಕೂರಿನಲ್ಲಿ ಒಲೆ ಮತ್ತು ಚಿಮಣಿ ಬಿಡಿಭಾಗಗಳ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಈಗೆಲ್ಲ ಜನ ಅಂಗಡಿಗೆ ಬರುವುದು ಕಮ್ಮಿ. ವಾಟ್ಸಾಪಿನಲ್ಲಿ ಫೋಟೋ ಹಾಕಿ, 'ಅಣ್ಣ, ಇದೇ ಥರದ್ದು ಒಂದು ಕಳಿಸಿ' ಅಂತಾರೆ. ಸಂತೋಷವೇ. ಆದರೆ ಹತ್ತರಲ್ಲಿ ಒಂಬತ್ತು ಫೋಟೋ ಮೇಲಿಂದ ತೆಗೆದದ್ದು. ಅದು ಹೇಗಿದೆ ಅಂದರೆ, ಮುಖದ ಫೋಟೋ ಕಳಿಸಿ ಚಪ್ಪಲಿ ಕೊಡಿ ಅಂದ ಹಾಗೆ.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಬರ್ನರ್ ಮಗುಚಿ. ಮಗುಚಿ, ಆಮೇಲೆ ಫೋಟೋ ತೆಗೆಯಿರಿ.

ಯಾಕೆ ಅಂತ ಹೇಳುತ್ತೇನೆ. ಒಲೆಯ ಒಳಗೆ, ನೀವು ತಿರುಗಿಸುವ ನಾಬಿನ ಹಿಂದೆ, ಜೆಟ್ ಅಂತ ಒಂದು ಪುಟ್ಟ ಹಿತ್ತಾಳೆ ಮೊಳೆಯಂಥದ್ದು ಇದೆ. ಅದರ ಸಣ್ಣ ತೂತಿನಿಂದ ಗ್ಯಾಸ್ ರಭಸವಾಗಿ ಬರುತ್ತದೆ, ಬರುವಾಗ ಪಕ್ಕದ ಗಾಳಿಯನ್ನೂ ಎಳೆದುಕೊಂಡು ಒಂದು ಕೊಳವೆಯೊಳಗೆ ನುಗ್ಗುತ್ತದೆ. ಆ ಕೊಳವೆಗೆ ಮಿಕ್ಸಿಂಗ್ ಟ್ಯೂಬ್ ಅಂತ ಹೆಸರು. ಅದರ ಇನ್ನೊಂದು ತುದಿಯಲ್ಲಿ ಬಟ್ಟಲಿನ ಹಾಗೆ ಒಂದು ಬಾಯಿ ಇರುತ್ತದೆ, ಆ ಬಾಯಿಯ ಮೇಲೆ ಬರ್ನರ್ ಕೂರುತ್ತದೆ. ಬರ್ನರಿನ ತಳದಲ್ಲಿ ಚೊಂಬಿನ ಕಂಠದ ಹಾಗೆ ಒಂದು ಉಂಗುರ ಇರುತ್ತದಲ್ಲ, ಅದು ಈ ಬಾಯಿಗೆ ಸರಿಯಾಗಿ ಕೂತರೆ ಗ್ಯಾಸು ಮೇಲಿನ ತೂತುಗಳಿಂದ ಮಾತ್ರ ಬರುತ್ತದೆ. ಕೂರದಿದ್ದರೆ ಸಂದಿಯಿಂದಲೂ ಬರುತ್ತದೆ, ಅಲ್ಲೂ ಉರಿ ಹತ್ತಿಕೊಳ್ಳುತ್ತದೆ. ಹಾಗಾಗಿ ಬರ್ನರ್ ಯಾವುದು ಅಂತ ನಿರ್ಧಾರ ಮಾಡುವುದು ತಳದ ಕಂಠ. ಮೇಲಿನ ಮುಖ ಒಂದೇ ಅಚ್ಚಿನಲ್ಲಿ ಹುಯ್ದ ಹಾಗೆ ಎಷ್ಟೋ ಕಂಪನಿಯ ಒಲೆಗಳಲ್ಲಿ ಒಂದೇ ಥರ ಇರುತ್ತದೆ.

ಇದನ್ನು ನಾನು ಕಲಿತದ್ದೂ ಏಟು ತಿಂದೇ. ಆ ಕಥೆ ಹೇಳಿಬಿಡುತ್ತೇನೆ.

ತಿಪಟೂರು ಕಡೆಯ ಒಬ್ಬರು ಟೀಚರಮ್ಮ. ಮೊಮ್ಮಗಳ ನಾಮಕರಣ ಹತ್ತು ದಿನ ಇದೆ, ಮನೆಯಲ್ಲೇ ಹೋಳಿಗೆ ಮಾಡಬೇಕು, ದೊಡ್ಡ ಬರ್ನರ್ ಸೀಳು ಬಿಟ್ಟಿದೆ. ಫೋಟೋ ಕಳಿಸಿದರು. ಮೇಲಿಂದ ತೆಗೆದದ್ದು, ಬರ್ನರ್ ಫಳಫಳ ಹೊಳೆಯುತ್ತಿದೆ, ಪಾಪ ಫೋಟೋಗೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ನಾನು ನೋಡಿದೆ, ಮೂರು ಸಾಲು ತೂತು, ನನ್ನ ಹತ್ತಿರ ಇದ್ದದ್ದೂ ಹಾಗೇ. ಕೊರಿಯರ್ ಮಾಡಿದೆ. ಎರಡು ದಿನಕ್ಕೆ ಫೋನು. 'ಅಣ್ಣ, ಇದು ಅಲ್ಲಾಡುತ್ತದೆ. ಹಚ್ಚಿದರೆ ಕೆಳಗಿನಿಂದಲೂ ಉರಿ ಬರುತ್ತಿದೆ.' ತಕ್ಷಣ ಆರಿಸಿ ಅಂದೆ. ನಾನು ಕಳಿಸಿದ್ದರ ಕಂಠ 44 ಮಿಲಿಮೀಟರ್, ಅವರ ಒಲೆಯ ಬಾಯಿ ಅದಕ್ಕಿಂತ ದೊಡ್ಡದು.

ಸರಿ, ಮಗುಚಿ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ ಟೀಚರಮ್ಮ ಅಂದೆ. ಹತ್ತು ರೂಪಾಯಿಯೇ ಯಾಕೆ ಅಂದರೆ ಅದರ ಅಗಲ 27 ಮಿಲಿಮೀಟರ್, ಹಳೆಯದು ಹೊಸದು ಎರಡೂ ಅಷ್ಟೇ. ಒಂದು, ಎರಡು, ಐದು ರೂಪಾಯಿ ನಾಣ್ಯಗಳ ಅಳತೆ ಬದಲಾಗುತ್ತಾ ಬಂದಿದೆ, ಅವನ್ನು ನಂಬಬೇಡಿ. ಟೀಚರಮ್ಮ ಹೇಳಿದ ಹಾಗೇ ಮಾಡಿದರು. ನಾನು ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ನಾಣ್ಯಕ್ಕೆ 27 ಅಂತ ಹಿಡಿದು ಕಂಠ ಅಳೆದೆ. 56 ಬಂತು. ಬಹಳ ಬುದ್ಧಿವಂತ ಅಂದುಕೊಂಡು 56ರದ್ದು ಕಳಿಸಿದೆ. ಅದು ಒಲೆಯ ಬಾಯಿಯೊಳಗೆ ಇಳಿಯಲೇ ಇಲ್ಲ! ನಾಮಕರಣಕ್ಕೆ ಆಗ ಐದೇ ದಿನ. ಟೀಚರಮ್ಮ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು, 'ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ ನೋಡಿ' ಅಂತ ಪೇಪರ್ ತಿದ್ದುವ ದನಿಯಲ್ಲಿ ಅಂದರು.

ಎಲ್ಲಿ ತಪ್ಪಿತು ಗೊತ್ತಾ? ನಾಣ್ಯ ಇದ್ದದ್ದು ಮೇಜಿನ ಮೇಲೆ. ಮಗುಚಿದ ಬರ್ನರಿನ ಕಂಠ ಇದ್ದದ್ದು ಮೇಜಿನಿಂದ ಮೂರು ಸೆಂಟಿಮೀಟರ್ ಎತ್ತರದಲ್ಲಿ. ಟೀಚರಮ್ಮ ಫೋನನ್ನು ಒಂದು ಗೇಣು ಮೇಲೆ, ಅಂದರೆ ಸುಮಾರು 20 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದಿದ್ದರು. ನಾಣ್ಯ ಕ್ಯಾಮೆರಾಕ್ಕೆ 20 ದೂರ, ಕಂಠ 17 ದೂರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಅಲ್ವಾ? 48 ಇದ್ದ ಕಂಠ ಫೋಟೋದಲ್ಲಿ 56 ಆಗಿ ಕೂತಿತ್ತು. ಎಂಟು ಮಿಲಿಮೀಟರ್ ಮೋಸ. ಫೋನನ್ನು ಒಂದೂವರೆ ಅಡಿ ಮೇಲೆ ಹಿಡಿದು ಜೂಮ್ ಮಾಡಿದ್ದರೆ ಮೋಸ ಮೂರು ಮಿಲಿಮೀಟರಿಗೆ ಇಳಿಯುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಪೂರ್ತಿ ಹೋಗಬೇಕಾದರೆ ನಾಣ್ಯವೂ ಕಂಠವೂ ಒಂದೇ ಮಟ್ಟದಲ್ಲಿ ಇರಬೇಕು.

ಕೊನೆಗೆ ಕೆಲಸಕ್ಕೆ ಬಂದದ್ದು ಅವರ ಮನೆಯ ಮಗುವಿನ ಜಾಮೆಟ್ರಿ ಬಾಕ್ಸು. ಅದರಲ್ಲಿದ್ದ ಆರಿಂಚಿನ ಸ್ಕೇಲನ್ನು ಮಗುಚಿದ ಬರ್ನರಿನ ಕಂಠದ ಮೇಲೇ ಅಡ್ಡ ಇಟ್ಟು, ಸರಿಯಾಗಿ ನಡುವಿನಲ್ಲಿ ಹಾಯುವ ಹಾಗೆ ಇಟ್ಟು, ಮೇಲಿಂದ ನೇರವಾಗಿ ಫೋಟೋ ತೆಗೆದರು. 48 ಅಂತ ಕಣ್ಣಿಗೆ ಕಾಣುತ್ತಿತ್ತು, ನನಗೆ ಲೆಕ್ಕವೇ ಬೇಕಾಗಲಿಲ್ಲ. ಅದೇ ಕಳಿಸಿದೆ, ಕೂತಿತು. ಹೋಳಿಗೆ ನನಗೂ ಬಂತು, ಬಸ್ಸಿನ ಕಂಡಕ್ಟರ್ ಕೈಯಲ್ಲಿ.

ಈಗ ನೀವು ಮಾಡಬೇಕಾದದ್ದು ಕೇಳಿ. ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಬರ್ನರ್ ಪೂರ್ತಿ ತಣ್ಣಗಾಗಲಿ. ಎತ್ತಿ, ಮಗುಚಿ, ಕಂಠದ ಮೇಲೆ ಸ್ಕೇಲ್ ಅಡ್ಡ ಇಟ್ಟು ಒಂದು ಫೋಟೋ. ಕಂಠದ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟು, ಒಳ ಅಂಚಿನಿಂದ ಒಳ ಅಂಚಿಗೆ ಎಷ್ಟು, ಎರಡೂ ಕಾಣಬೇಕು. ಯಾಕೆಂದರೆ ಕೆಲವು ಬರ್ನರ್ ಬಾಯಿಯ ಒಳಗೆ ಇಳಿದು ಕೂರುತ್ತವೆ, ಕೆಲವು ಮುಚ್ಚಳದ ಹಾಗೆ ಹೊರಗಿನಿಂದ ಕವುಚಿಕೊಳ್ಳುತ್ತವೆ. ಆಮೇಲೆ ಬರ್ನರ್ ಎತ್ತಿದ ಜಾಗದಲ್ಲಿ ಒಲೆಯ ಮೇಲೆ ಕಾಣುವ ಬಾಯಿಗೂ ಅದೇ ಸ್ಕೇಲ್ ಅಡ್ಡ ಇಟ್ಟು ಇನ್ನೊಂದು ಫೋಟೋ. ತಳದಲ್ಲಿ ಕಚ್ಚು ಅಥವಾ ಮೊಳೆಯ ಹಾಗೆ ಏನಾದರೂ ಇದ್ದರೆ ಅದೂ ಕಾಣಲಿ, ಬರ್ನರ್ ತಿರುಗದ ಹಾಗೆ ಹಿಡಿಯುವುದು ಅದೇ. ಮೇಲಿನ ಫೋಟೋ ಬೇಕಿದ್ದರೆ ಕೊನೆಗೆ ಒಂದು ಹಾಕಿ, ಚೆಂದಕ್ಕೆ.

ಫೋಟೋದಲ್ಲಿ ಗೊತ್ತಾಗದ ಒಂದು ಸಂಗತಿ ಇದೆ, ಲೋಹ. ಹಿತ್ತಾಳೆ ಬಣ್ಣ ಇದ್ದದ್ದೆಲ್ಲ ಹಿತ್ತಾಳೆ ಅಲ್ಲ. ಫ್ರಿಜ್ಜಿನ ಮೇಲೆ ಅಂಟಿಸುವ ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅದು ಕಬ್ಬಿಣ. ಅಂಗಡಿಯವರಿಗೆ ಅದನ್ನು ಬಾಯಲ್ಲಿ ಹೇಳಿ.

ಇನ್ನು ಮಾಡೆಲ್ ನಂಬರ್. ಒಲೆಯ ತಳದಲ್ಲೋ ಪಕ್ಕದಲ್ಲೋ ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಫೋಟೋ ಕಳಿಸುವವರು, ಪುಣ್ಯವಂತರು, ದಯವಿಟ್ಟು ಚೀಟಿ ಪೂರ್ತಿ ಬರುವ ಹಾಗೆ ಕಳಿಸಿ. ಐಎಸ್ 4246 ಅಂತ ಒಂದು ನಂಬರ್ ಕತ್ತರಿಸಿ ಕಳಿಸಿ 'ಇದೇ ಮಾಡೆಲ್' ಅನ್ನುತ್ತಾರೆ. ಅಯ್ಯೋ, ಅದು ಎಲ್‌ಪಿಜಿ ಒಲೆಗಳ ಐಎಸ್‌ಐ ಮಾನದಂಡದ ನಂಬರ್, ನನ್ನ ಮನೆ ಒಲೆಯ ಮೇಲೂ ಇದೆ, ಪಕ್ಕದ ಮನೆ ಒಲೆಯ ಮೇಲೂ ಇದೆ. ಸಿಎಂ/ಎಲ್ ಅಂತ ಶುರುವಾಗುವುದು ತಯಾರಿಸಿದವರಿಗೆ ಕೊಟ್ಟ ಲೈಸೆನ್ಸಿನ ನಂಬರ್. ಅದೂ ಮಾಡೆಲ್ ಅಲ್ಲ. ಮಾಡೆಲ್ ಅಂತಲೇ ಬರೆದ ಕಡೆ ಏನಿದೆಯೋ ಅದು ಬೇಕು. ಮತ್ತೆ, ಮಾಡೆಲ್ ಸಿಕ್ಕಿತು ಅಂತ ಮಗುಚುವುದನ್ನು ಬಿಡಬೇಡಿ. ಮೊದಲೇ ಯಾರೋ ಬೇರೆ ಮಿಕ್ಸಿಂಗ್ ಟ್ಯೂಬ್ ಹಾಕಿ ಹೋಗಿರಬಹುದು, ಆಗ ಚೀಟಿ ಒಂದು ಹೇಳುತ್ತದೆ, ಒಲೆ ಒಂದು ಕೇಳುತ್ತದೆ.

ಬೆಂಗಳೂರಿನಂಥ ಕಡೆ ಪೈಪಿನ ಗ್ಯಾಸ್ ಇರುವವರು ಅದನ್ನು ಮೊದಲೇ ಹೇಳಿಬಿಡಿ. ಪೈಪಿನ ಗ್ಯಾಸಿಗೆ ಜೆಟ್ಟಿನ ತೂತು ಸಿಲಿಂಡರಿನದ್ದಕ್ಕಿಂತ ದೊಡ್ಡದಿರುತ್ತದೆ. ಜೆಟ್ಟನ್ನು ಮಾತ್ರ ಫೋಟೋ ನೋಡಿ ತರಿಸಿ ನೀವೇ ಹಾಕಬೇಡಿ. ಆ ತೂತು ತೀರಾ ಸಣ್ಣದು, ಫೋಟೋದಲ್ಲಿ ಅಳೆಯಲು ನನ್ನ ಕೈಲೂ ಆಗುವುದಿಲ್ಲ, ಅದು ಮೆಕ್ಯಾನಿಕ್ ಕೆಲಸ.

ಹೊಸ ಬರ್ನರ್ ಬಂದ ಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ. ಕಟಕಟ ಅಂದರೆ ಹಚ್ಚಲೇಬೇಡಿ, ವಾಪಸ್ ಕಳಿಸಿ. ಗಟ್ಟಿಯಾಗಿ ಕೂತರೆ ಹಚ್ಚಿ, ಅಡುಗೆಮನೆ ಲೈಟ್ ಆರಿಸಿ, ಪಕ್ಕದಿಂದ ಬಗ್ಗಿ ನೋಡಿ. ನೀಲಿ ಉರಿ ತೂತುಗಳಿಂದ ಮಾತ್ರ ಬರಬೇಕು, ಕಂಠದ ಸುತ್ತ ಒಂದು ಎಳೆಯೂ ಕಾಣಬಾರದು.

ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ ಅಂತೆ. ಚಿಮಣಿ ಬಗ್ಗೆ ಹತ್ತು ನಿಮಿಷಕ್ಕೆ ಬರೆದುಕೊಂಡು ಬಂದಿದ್ದೆ, ಟೀಚರಮ್ಮ ತಿಂದುಬಿಟ್ಟರು.

ಚಿಮಣಿಗೂ ಅದೇ ಮಾತು. ಮುಂದಿನ ಗಾಜಿನ ಫೋಟೋ ಕಳಿಸಬೇಡಿ, ಅಲ್ಲಿ ಕಂಪನಿ ಹೆಸರಷ್ಟೇ ಇರುತ್ತದೆ. ಗೋಡೆಯ ಸ್ವಿಚ್ ಆರಿಸಿ, ಜಾಲರಿ ಫಿಲ್ಟರ್ ಕಳಚಿ, ಒಳಗೆ ಟಾರ್ಚ್ ಬಿಡಿ. ಸಾಮಾನ್ಯವಾಗಿ ಒಳಗಿನ ಗೋಡೆಯ ಮೇಲೆ ಚೀಟಿ ಇರುತ್ತದೆ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡೂ ಅದರಲ್ಲಿ. ಎಣ್ಣೆ ಜಿಡ್ಡು ಮುಚ್ಚಿದ್ದರೆ ಸೋಪು ನೀರಿನ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಸ್ಕ್ರಬ್ಬರ್ ಹಾಕಿ ತಿಕ್ಕಿದರೆ ಅಕ್ಷರವೂ ಜಿಡ್ಡಿನ ಜೊತೆ ಹೋಗುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ನೇರ ಹಿಡಿದರೆ ಬರೀ ಬಿಳಿ ಹೊಳಪು ಬರುತ್ತದೆ. ಚಿಮಣಿ 60 ಸೆಂಟಿಮೀಟರೋ 90ಯೋ ಅಂತ ಅಗಲವನ್ನೂ ಅಳೆದು ಬರೆಯಿರಿ, ಒಂದೇ ಹೆಸರಿನಲ್ಲಿ ಎರಡೂ ಬರುತ್ತವೆ.

ಫಿಲ್ಟರೇ ಬೇಕಿದ್ದರೆ ಅದನ್ನೂ ಮಗುಚಿ. ಉದ್ದ, ಅಗಲ, ದಪ್ಪ ಮೂರೂ ಬೇಕು. ಹಿಂಬದಿಯ ಕೊಕ್ಕೆ ಯಾವ ಅಂಚಿನಲ್ಲಿದೆ, ಹಿಡಿ ಯಾವ ಕಡೆ, ಅದೂ ಕಾಣಲಿ. ಎರಡು ಫಿಲ್ಟರ್ ಇದ್ದರೆ ಎರಡರದ್ದೂ ಫೋಟೋ ಕಳಿಸಿ, ಎಡದ್ದು ಬಲದ್ದು ಬೇರೆ ಇರಬಹುದು.

ಮೋಟಾರ್ ಬಗ್ಗೆ ಹೇಳಲು ಹೊತ್ತಿಲ್ಲ, ಆಗಲೇ ಒಂದು ಬೆರಳು ಬಂತು. ನಾಳೆ ಬೆಳಿಗ್ಗೆ ನನ್ನ ಫೋನಿಗೆ ಮೇಲಿಂದ ತೆಗೆದ ಬರ್ನರ್ ಫೋಟೋ ಬಂದರೆ, ಈ ಕಾರ್ಯಕ್ರಮ ಕೇಳದವರದ್ದು ಅಂತ ತಿಳಿದುಕೊಳ್ಳುತ್ತೇನೆ. ನಮಸ್ಕಾರ.