ಹುಡುಕುವವರು ಯಾವ ಪದ ಟೈಪ್ ಮಾಡುತ್ತಾರೆ?

ಕೇಳುಗರೇ, ನಮಸ್ಕಾರ.

ನನ್ನ ಗೆಳೆಯನೊಬ್ಬ ಸೈಕಲ್ ರಿಪೇರಿಯಲ್ಲಿ ಎತ್ತಿದ ಕೈ. ಕೆಲಸ ಮಾಡುವಾಗಲೇ ಮೊಬೈಲ್ ನಿಲ್ಲಿಸಿಕೊಂಡು ವಿಡಿಯೋ ಮಾಡುತ್ತಾನೆ. ಒಂದು ವಿಡಿಯೋದಲ್ಲಿ, ಗೇರ್ ಬದಲಿಸಿದಾಗ ಚೈನ್ ಕಳಚಿ ಚಕ್ರದ ಕಡ್ಡಿಗಳ ಕಡೆಗೆ ಬೀಳುವ ತೊಂದರೆಯನ್ನು ಒಂದೇ ಒಂದು ಸ್ಕ್ರೂ ತಿರುಗಿಸಿ ಸರಿಮಾಡಿ ತೋರಿಸಿದ್ದ. ತುಂಬಾ ಒಳ್ಳೆಯ ವಿಡಿಯೋ. ಆದರೆ ನೋಡಿದವರು ಅವನ ನಾಲ್ಕಾರು ಸ್ನೇಹಿತರು ಮಾತ್ರ.

ಯಾಕೆ ಅಂತ ನೋಡಿದೆ. ಶೀರ್ಷಿಕೆ ‘ಇವತ್ತಿನ ಕೆಲಸ’. ಅದರ ಕೆಳಗೆ ಮೂವತ್ತು ಹ್ಯಾಶ್‌ಟ್ಯಾಗ್: #love, #viral, #trending, ಹೀಗೆ. ‘ಚೈನ್’ ಅನ್ನುವ ಪದ ಎಲ್ಲೂ ಇಲ್ಲ!

ಹ್ಯಾಶ್‌ಟ್ಯಾಗ್ ಬಂದ ಹೊಸದರಲ್ಲಿ, ಅಂದರೆ 2007ರಲ್ಲಿ ಟ್ವಿಟರ್‌ನಲ್ಲಿ ಕ್ರಿಸ್ ಮೆಸ್ಸಿನಾ ಅದನ್ನು ಸೂಚಿಸಿದಾಗ, ಒಂದೇ ವಿಷಯದ ಮಾತುಗಳನ್ನು ಒಂದು ಕಡೆ ಸೇರಿಸುವುದೇ ಉದ್ದೇಶವಾಗಿತ್ತು. ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಇಷ್ಟವಾದ ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡುವ ಸೌಲಭ್ಯವೂ ಇತ್ತು. 2024ರ ಕೊನೆಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಜನ ನೇರವಾಗಿ ಹುಡುಕುವ ಜಾಗಕ್ಕೆ ಹೋಗಿ ತಮ್ಮ ತೊಂದರೆಯನ್ನೇ ಟೈಪ್ ಮಾಡುತ್ತಾರೆ. #viral ಅಂತ ಯಾರಾದರೂ ಹುಡುಕುತ್ತಾರಾ? ಹುಡುಕಿದರೂ ಅವರಿಗೆ ಬೇಕಾಗಿರುವುದು ಸೈಕಲ್ ಅಲ್ಲವಲ್ಲ.

ಸರಿ, ಇಬ್ಬರೂ ಕೂತೆವು. ‘ಶೀರ್ಷಿಕೆ ಏನಿಡೋಣ?’ ಅಂದೆ. ‘ರಿಯರ್ ಡಿರೇಲರ್ ಅಡ್ಜಸ್ಟ್‌ಮೆಂಟ್’ ಅಂದ. ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗವೇ ಡಿರೇಲರ್. ಆದರೆ ಅದು ಮೆಕ್ಯಾನಿಕ್ ಆಡುವ ಮಾತು. ಡಿರೇಲರ್ ಅನ್ನುವ ಪದ ಗೊತ್ತಿರುವವನಿಗೆ ಬಹುಶಃ ಅದನ್ನು ಸರಿಮಾಡುವುದೂ ಗೊತ್ತಿರುತ್ತದೆ. ಚೈನ್ ಬಿದ್ದು, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ದಾರಿಯಲ್ಲಿ ನಿಂತವನು ಏನು ಟೈಪ್ ಮಾಡುತ್ತಾನೆ? ಅಲ್ಲಿಂದಲೇ ಶುರುಮಾಡಬೇಕು.

ಅದನ್ನು ಊಹಿಸುತ್ತಾ ಕೂರಬೇಕಿಲ್ಲ. ಯೂಟ್ಯೂಬ್‌ನ ಹುಡುಕುವ ಜಾಗದಲ್ಲಿ ‘ಸೈಕಲ್ ಚೈನ್’ ಅಂತ ಟೈಪ್ ಮಾಡಿ, ಎಂಟರ್ ಒತ್ತದೆ ಸುಮ್ನೆ ಕಾಯಿರಿ. ಕೆಳಗೆ ಒಂದು ಪಟ್ಟಿ ಇಳಿಯುತ್ತದೆ. ಬೇರೆಯವರು ಹುಡುಕಿದ ಮಾತುಗಳನ್ನು ಆಧರಿಸಿಯೇ ಅದು ಬರುವುದು. ಆದರೆ ನಿಮ್ಮ ಅಕೌಂಟ್‌ನಿಂದ ಹೊರಗೆ ಬಂದು ನೋಡಿ, ಇಲ್ಲದಿದ್ದರೆ ನೀವೇ ಹಿಂದೆ ಹುಡುಕಿದ್ದು ಅದರಲ್ಲಿ ಬೆರೆತುಬಿಡುತ್ತದೆ. ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ ಟೈಪ್ ಮಾಡಿ. ನಮ್ಮವರು ಎರಡರಲ್ಲೂ ಹುಡುಕುತ್ತಾರೆ. ಒಬ್ಬರು ‘ಬೀಳ್ತಿದೆ’ ಅಂದರೆ ಇನ್ನೊಬ್ಬರು ‘ಕಳಚುತ್ತೆ’ ಅನ್ನುತ್ತಾರೆ.

ಕೊನೆಗೆ ‘ಗೇರ್ ಹಾಕಿದಾಗ ಸೈಕಲ್ ಚೈನ್ ಬೀಳ್ತಿದೆಯಾ? ಈ ಸ್ಕ್ರೂ ತಿರುಗಿಸಿ’ ಅಂತ ಇಟ್ಟೆವು. ವಿವರಣೆಯ ಮೊದಲ ಸಾಲಿನಲ್ಲಿ ಅದೇ ವಿಷಯವನ್ನು ಬೇರೆ ಮಾತಲ್ಲಿ ಬರೆದೆವು: ‘ಹಿಂದಿನ ಗೇರ್‌ನಿಂದ ಚೈನ್ ಕಳಚಿ ಕಡ್ಡಿಗಳ ಕಡೆಗೆ ಹೋಗುತ್ತಿದ್ದರೆ, ಡಿರೇಲರ್ ಮೇಲೆ L ಅಂತ ಗುರುತಿರುವ ಸ್ಕ್ರೂ ನೋಡಿ.’ ಡಿರೇಲರ್ ಅನ್ನುವ ಪದವೂ ಹೀಗೆ ಒಳಗೆ ಬಂತು. ವಿಡಿಯೋ ಶುರುವಾಗುವಾಗ ಅವನ ಬಾಯಲ್ಲೂ ಇದೇ ಮಾತು ಬರಲಿ ಅಂತ ಮತ್ತೊಮ್ಮೆ ಶೂಟ್ ಮಾಡಿದೆವು. ಯಾಕೆಂದರೆ ಯೂಟ್ಯೂಬ್ ಶೀರ್ಷಿಕೆ, ವಿವರಣೆಯ ಜೊತೆಗೆ ವಿಡಿಯೋದಲ್ಲಿ ಏನಿದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಒಂದು ಎಚ್ಚರ, ಸಿಕ್ಕ ಪದಗಳನ್ನೆಲ್ಲ ವಿವರಣೆಯಲ್ಲಿ ಸುಮ್ನೆ ಗುಡ್ಡೆ ಹಾಕಬೇಡಿ. ಅದು ಯೂಟ್ಯೂಬ್ ನಿಯಮಕ್ಕೇ ವಿರುದ್ಧ.

ಹ್ಯಾಶ್‌ಟ್ಯಾಗ್ ಪೂರ್ತಿ ಬಿಟ್ಟೆವಾ? ಇಲ್ಲ, ಮೂರು ಇಟ್ಟುಕೊಂಡೆವು: ಸೈಕಲ್ ರಿಪೇರಿ, ಸೈಕಲ್ ಚೈನ್, ಡಿರೇಲರ್. ಇಲ್ಲೊಂದು ಸಣ್ಣ ತಪ್ಪು ತುಂಬಾ ಜನ ಮಾಡುತ್ತಾರೆ. ಹ್ಯಾಶ್ ಹಾಕಿ ‘ಸೈಕಲ್ ಚೈನ್’ ಅಂತ ಮಧ್ಯೆ ಜಾಗ ಬಿಟ್ಟರೆ ಟ್ಯಾಗ್ ಆಗುವುದು ‘ಸೈಕಲ್’ ಮಾತ್ರ, ಚೈನ್ ಹೊರಗೇ ಉಳಿಯುತ್ತದೆ. ಎರಡೂ ಪದ ಅಂಟಿಕೊಂಡಿರಬೇಕು. ಇನ್ನು ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಿಡಿ. ಅರವತ್ತಕ್ಕಿಂತ ಹೆಚ್ಚು ಹಾಕಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ವಿಡಿಯೋವನ್ನು ಇನ್‌ಸ್ಟಾಗ್ರಾಮ್‌ಗೂ ಹಾಕುವವರು ಈ ಪದಗಳನ್ನು ಕ್ಯಾಪ್ಶನ್‌ನಲ್ಲೇ ಬರೆಯಿರಿ, ಕಾಮೆಂಟ್‌ನಲ್ಲಿ ಅಲ್ಲ. ಹುಡುಕಿದಾಗ ಸಿಗಬೇಕಾದರೆ ಹಾಗೇ ಮಾಡಿ ಅಂತ ಇನ್‌ಸ್ಟಾಗ್ರಾಮ್‌ನವರೇ ಹೇಳಿದ್ದಾರೆ.

ಇದೆಲ್ಲ ಫಲ ಕೊಡುತ್ತಿದೆಯಾ ಅಂತ ತಿಳಿಯಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಅನಲಿಟಿಕ್ಸ್ ತೆರೆದು, ನೋಡುಗರು ಎಲ್ಲಿಂದ ಬಂದರು ಅನ್ನುವ ಕಡೆ ‘ಯೂಟ್ಯೂಬ್ ಸರ್ಚ್’ ಒತ್ತಿ. ಯಾವ ಪದ ಹುಡುಕಿ ಬಂದರು ಅನ್ನುವುದು ಕಾಣುತ್ತದೆ. ಒಂದೇ ದಿನದಲ್ಲಿ ನಿರೀಕ್ಷೆ ಬೇಡ, ಹುಡುಕಿ ಬರುವವರು ನಿಧಾನವಾಗಿ, ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರು ಕೆಲವೇ ಸೆಕೆಂಡಿನಲ್ಲಿ ಎದ್ದು ಹೋಗುತ್ತಿದ್ದರೆ, ಶೀರ್ಷಿಕೆ ಹೇಳಿದ್ದು ವಿಡಿಯೋದ ಶುರುವಿನಲ್ಲಿ ಅವರಿಗೆ ಸಿಗುತ್ತಿಲ್ಲ ಅಂತ ಅರ್ಥ. ಆಗ ಶೀರ್ಷಿಕೆ ಬದಲಿಸಿ.

ಗೆಳೆಯನ ಪಟ್ಟಿಯಲ್ಲಿ ಒಂದು ತಿಂಗಳಾದ ಮೇಲೆ ನಾವಿಬ್ಬರೂ ಯೋಚಿಸದೇ ಇದ್ದ ಸಾಲೊಂದು ಕಂಡಿತು: ‘ಚೈನ್ ಕಟಕಟ ಶಬ್ದ’. ಅದು ಬೇರೆಯೇ ತೊಂದರೆ, ಈ ವಿಡಿಯೋದಲ್ಲಿ ಅದಕ್ಕೆ ಉತ್ತರ ಇಲ್ಲ. ಆ ವಾರ ಅವನು ಆ ಶಬ್ದದ ಮೇಲೆಯೇ ಇನ್ನೊಂದು ವಿಡಿಯೋ ಮಾಡಿದ.

ನಮಸ್ಕಾರ.