ತೊಂಬತ್ತು ಎಫ್‌ಪಿಎಸ್ ಇದ್ದರೂ ಆಟ ಮುಗ್ಗರಿಸುವುದೇಕೆ?

(ಕಲಬುರಗಿಯಲ್ಲಿ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಪ್ರಾಧ್ಯಾಪಕನಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ಜೋಡಿಸಿ, ಕೆಟ್ಟರೆ ರಿಪೇರಿ ಮಾಡಿಕೊಡುವ ಅಂಗಡಿಯವನು. ಹಾಗಾಗಿ ಒಂದು ಯಂತ್ರದ ಕತೆಯನ್ನಷ್ಟೇ ಹೇಳುತ್ತೇನೆ. ಅದರಲ್ಲಿ ಲೆಕ್ಕವಿದೆ, ದಯವಿಟ್ಟು ಹೆದರಬೇಡಿ. ಭಾಗಾಕಾರ ಬಂದರೆ ಸಾಕು.

ಆಳಂದದ ಹುಡುಗನೊಬ್ಬ ತನ್ನ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. "ಅಣ್ಣಾ, ಮೂಲೆಯಲ್ಲಿ ತೊಂಬತ್ತು ಅಂತ ತೋರಿಸುತ್ತದೆ, ಆದರೆ ಆಡುವಾಗ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?" ಎಂದು ಕೇಳಿದ. ಕಾರ್ಡ್ ಮಾರಿದರೆ ನನಗೆ ಲಾಭವಿತ್ತು. ಆದರೆ ತೊಂಬತ್ತು ಎಫ್‌ಪಿಎಸ್ ಕೊಡುತ್ತಿರುವ ಕಾರ್ಡನ್ನು ಯಾವ ಬಾಯಿಂದ ಕೆಟ್ಟದ್ದು ಎನ್ನಲಿ?

ಮೊದಲು ಆ ತೊಂಬತ್ತು ಎಲ್ಲಿಂದ ಬಂತು ನೋಡೋಣ. ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರಗಳು ತಯಾರಾದವು ಎಂಬ ಎಣಿಕೆಯೇ ಎಫ್‌ಪಿಎಸ್. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಫ್ರೇಮ್ ಟೈಮ್. ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. 60 ಎಫ್‌ಪಿಎಸ್ ಎಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 90 ಎಂದರೆ 11.1. ಎಣಿಕೆ ಸರಿಯಿದ್ದರೂ ಅಂತರ ಸರಿಯಿರಬೇಕು ಎಂದೇನೂ ಇಲ್ಲ. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದನ್ನು ನೀವೆಲ್ಲ ಕೇಳಿದ್ದೀರಿ. ಎಷ್ಟು ಬಡಿತವಾಯಿತು ಎಂದು ಯಾರೂ ಎಣಿಸುವುದಿಲ್ಲ. ಆದರೆ ಬಡಿಯುವ ಕೈ ಅರೆಗಳಿಗೆ ತಡೆದರೂ ಪಕ್ಕದ ಕೋಣೆಯಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. ಆಟದ ಪರದೆಯ ಮುಂದೆ ಕಣ್ಣು ಮಾಡುವ ಕೆಲಸವೂ ಅದೇ.

ವಿಮರ್ಶಕರು ಬಹಳ ಕಾಲ ಸರಾಸರಿ ಎಫ್‌ಪಿಎಸ್ ಒಂದನ್ನೇ ಬರೆಯುತ್ತಿದ್ದರು. 2011ರಲ್ಲಿ ಅಮೆರಿಕದ ದಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಸೆಕೆಂಡಿನ ಒಳಗೆ ಇಣುಕಿ, ಒಂದೊಂದೇ ಫ್ರೇಮಿನ ಸಮಯವನ್ನು ಗ್ರಾಫ್ ಮಾಡಿ ತೋರಿಸಿದ ಮೇಲೆ ಈ ಪದ್ಧತಿ ಹರಡಿತು.

ಇನ್ನು ನಮ್ಮ ಯಂತ್ರಕ್ಕೆ ಬರೋಣ. ನಾನು ಉಚಿತವಾಗಿ ಸಿಗುವ CapFrameX ಹಾಕಿಕೊಂಡು 20 ಸೆಕೆಂಡ್ ಆಟವನ್ನು ರೆಕಾರ್ಡ್ ಮಾಡಿದೆ. ಮೆನು, ಲೋಡಿಂಗ್ ಪರದೆ ಯಾವುದೂ ಒಳಗೆ ಸೇರದ ಹಾಗೆ, ಒಂದೇ ಬೀದಿಯಲ್ಲಿ ಒಂದೇ ದಾರಿ ಹಿಡಿದು ನಡೆದೆ. ಈ ತಂತ್ರಾಂಶ `MsBetweenPresents` ಎಂಬ ಅಂಕಣದಲ್ಲಿ ಪ್ರತಿ ಫ್ರೇಮಿನ ಸಮಯವನ್ನು ಬರೆದಿಡುತ್ತದೆ. ಆಟವು "ಚಿತ್ರ ಸಿದ್ಧ, ಪರದೆಗೆ ಒಯ್ಯಿರಿ" ಎಂದು ಒಮ್ಮೆ ಹೇಳಿದ್ದಕ್ಕೂ ಮತ್ತೊಮ್ಮೆ ಹೇಳಿದ್ದಕ್ಕೂ ನಡುವಿನ ಅಂತರವದು. ಚಿತ್ರ ಪರದೆಯ ಮೇಲೆ ನಿಜವಾಗಿ ಮೂಡಿದ ಗಳಿಗೆ ಇದಲ್ಲ, ಅದರ ಹಿಂದಿನ ಹೆಜ್ಜೆ. ಈ ಮಿತಿ ನೆನಪಿರಲಿ.

ಗ್ರಾಫ್ ತೆರೆದಾಗ ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಮಿಲಿಸೆಕೆಂಡ್. ಇಲ್ಲಿ ಗೆರೆ ಮೇಲೇರಿದಷ್ಟೂ ಕೆಟ್ಟದ್ದು. ಎಫ್‌ಪಿಎಸ್ ನೋಡಿ ರೂಢಿಯಾದವರು ಇದನ್ನು ತಲೆಕೆಳಗಾಗಿ ಓದಿಬಿಡುತ್ತಾರೆ. ಇನ್ನೊಂದು ಮೋಸ ಅಳತೆಪಟ್ಟಿಯದು. ಎಲ್ಲೋ ಒಂದು ಫ್ರೇಮ್ 300 ಮಿಲಿಸೆಕೆಂಡ್ ತೆಗೆದುಕೊಂಡಿದ್ದರೆ ಅದಕ್ಕೆ ಜಾಗ ಮಾಡಿಕೊಡಲು ಗ್ರಾಫ್ ಎಲ್ಲವನ್ನೂ ಕುಗ್ಗಿಸುತ್ತದೆ, ಉಳಿದ ಗೆರೆ ಸಾರಿಸಿದ ನೆಲದಂತೆ ಸಪಾಟಾಗಿ ಕಾಣುತ್ತದೆ. ನಾನು ಎತ್ತರವನ್ನು ಯಾವಾಗಲೂ 0ಯಿಂದ 100ಕ್ಕೆ ಕಟ್ಟಿಹಾಕಿಯೇ ಎರಡು ಗ್ರಾಫ್‌ಗಳನ್ನು ಹೋಲಿಸುವುದು.

ಆ ಹುಡುಗನ ಗ್ರಾಫಿನಲ್ಲಿ ಗೆರೆ ಗಕ್ಕನೆ ಮೇಲೆದ್ದು ಇಳಿದ ಹತ್ತು ಮುಳ್ಳುಗಳಿದ್ದವು. 20 ಸೆಕೆಂಡಿನಲ್ಲಿ ಒಟ್ಟು 1800 ಫ್ರೇಮ್. 1800ನ್ನು 20ರಿಂದ ಭಾಗಿಸಿದರೆ ಸರಾಸರಿ 90, ಹುಡುಗ ಹೇಳಿದ್ದು ಸುಳ್ಳಲ್ಲ. ಹತ್ತು ಫ್ರೇಮ್‌ಗಳು ಮಾತ್ರ ಹತ್ತಿರಹತ್ತಿರ 90 ಮಿಲಿಸೆಕೆಂಡ್ ತೆಗೆದುಕೊಂಡಿದ್ದವು. ಉಳಿದ 1790 ಫ್ರೇಮ್‌ಗಳಲ್ಲಿ ಸಣ್ಣಪುಟ್ಟ ಏರಿಳಿತ ಇದ್ದೇ ಇತ್ತು. ಲೆಕ್ಕಕ್ಕೆ ಸುಲಭವಾಗಲೆಂದು ಅವೆಲ್ಲ 10.7 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಮುಳ್ಳು ಬಂದ ಸೆಕೆಂಡಿನಲ್ಲಿ ಸುಮಾರು 86 ಫ್ರೇಮ್, ಬರದ ಸೆಕೆಂಡಿನಲ್ಲಿ 94. ಮೂಲೆಯ ಅಂಕಿ 94ರಿಂದ 86ಕ್ಕೆ ಇಳಿದು ಮತ್ತೆ ಏರಿದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಆ 90 ಮಿಲಿಸೆಕೆಂಡಿನಲ್ಲಿ ಸಾಮಾನ್ಯವಾಗಿ ಎಂಟು ಚಿತ್ರಗಳು ಬರಬೇಕಿತ್ತು, ಬಂದದ್ದು ಒಂದು. ಗಕ್ಕನೆ ನಿಂತಂತೆ ಅನಿಸಿದ್ದು ಅಲ್ಲಿ.

ಈಗ ಒನ್ ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ ಶೇಕಡ ಒಂದರಷ್ಟು ಫ್ರೇಮ್‌ಗಳ ವೇಗ ಹೇಳುವ ಅಂಕಿ. ಇದರ ಬಗ್ಗೆ ಜನ ಬಹಳ ಧೈರ್ಯದಿಂದ ಮಾತನಾಡುತ್ತಾರೆ, ಆದರೆ ಒಂದೇ ಹೆಸರಿನಲ್ಲಿ ಬೇರೆಬೇರೆ ಲೆಕ್ಕಗಳು ಓಡಾಡುತ್ತಿವೆ. ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುವಂತೆ, 1800 ಫ್ರೇಮ್‌ಗಳನ್ನು ಅತಿ ನಿಧಾನದ್ದರಿಂದ ಅತಿ ವೇಗದ್ದರವರೆಗೆ ನಿಲ್ಲಿಸಿ. ಶೇಕಡ ಒಂದು ಎಂದರೆ ಮೊದಲ 18 ಫ್ರೇಮ್. ಒಂದು ಪದ್ಧತಿಯವರು ಸಾಲಿನ 18ನೆಯವನನ್ನು ಮಾತ್ರ ನೋಡಿ, ಅವನ ಸಮಯವನ್ನು ಎಫ್‌ಪಿಎಸ್ ಮಾಡಿ ಬರೆಯುತ್ತಾರೆ. ಇದು ಪರ್ಸೆಂಟೈಲ್. ಇನ್ನೊಂದು ಪದ್ಧತಿಯವರು ಆ 18 ಜನರ ಸರಾಸರಿ ತೆಗೆಯುತ್ತಾರೆ.

ನಮ್ಮ ಸಾಲಿನಲ್ಲಿ ನಿಧಾನಿಗಳು ಹತ್ತೇ ಜನ. 18ನೆಯವನು 10.7ರವನು. ಹಾಗಾಗಿ ಪರ್ಸೆಂಟೈಲ್ ಪ್ರಕಾರ ಒನ್ ಪರ್ಸೆಂಟ್ ಲೋ ಸುಮಾರು 94! "ಲೋ" ಎನ್ನುವುದು ಸರಾಸರಿಗಿಂತ ಮೇಲೆ ಕುಳಿತಿದೆ. ಎರಡನೆಯ ಪದ್ಧತಿಯಲ್ಲಿ ಹತ್ತು ತೊಂಬತ್ತುಗಳು 900, ಉಳಿದ ಎಂಟು ಸೇರಿ ಸುಮಾರು 985. ಅದನ್ನು 18ರಿಂದ ಭಾಗಿಸಿದರೆ 54.7 ಮಿಲಿಸೆಕೆಂಡ್, ಅಂದರೆ 18 ಎಫ್‌ಪಿಎಸ್. ಒಂದೇ ಯಂತ್ರ, ಒಂದೇ ರೆಕಾರ್ಡಿಂಗ್, ಒಂದೇ ಹೆಸರಿನ ಅಂಕಿ. ಒಬ್ಬರ ಬಾಯಲ್ಲಿ 94, ಇನ್ನೊಬ್ಬರ ಬಾಯಲ್ಲಿ 18. ನಿಜವಾದ ಯಂತ್ರದಲ್ಲಿ ಉಳಿದ ಫ್ರೇಮ್‌ಗಳೂ ಏರಿಳಿಯುವುದರಿಂದ 94 ಎಂಬುದು ಸ್ವಲ್ಪ ತಗ್ಗಬಹುದು, ಆದರೂ ಹತ್ತು ಮುಳ್ಳುಗಳು ಅದರ ಲೆಕ್ಕದಿಂದ ತಪ್ಪಿಸಿಕೊಂಡವು ಎಂಬುದು ಬದಲಾಗದು. ಎರಡು ತಾಣಗಳ ಒನ್ ಪರ್ಸೆಂಟ್ ಲೋಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವವರನ್ನು ಕಂಡಾಗ ನನಗೆ ನಗು ಬರುವುದು ಇದಕ್ಕೇ.

ಇಷ್ಟಾದ ಮೇಲೂ ಕಾರಣ ಸಿಕ್ಕಿರಲಿಲ್ಲ. ಕಾರಣವನ್ನು ಅಂಕಿ ಹೇಳುವುದಿಲ್ಲ, ಮುಳ್ಳುಗಳು ನಿಂತ ಜಾಗ ಹೇಳುತ್ತದೆ. ಅದಕ್ಕಾಗಿ ಅದೇ ದಾರಿಯಲ್ಲಿ ಎರಡನೆಯ ಸಲ ನಡೆಯಬೇಕು. ಮೊದಲ ಸಲ ಇದ್ದ ಮುಳ್ಳುಗಳು ಎರಡನೆಯ ಸಲ ಮಾಯವಾದರೆ, ಆಟವು ಶೇಡರ್‌ಗಳನ್ನು, ಅಂದರೆ ಚಿತ್ರದ ಬೆಳಕು ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳನ್ನು, ಆಗಷ್ಟೇ ಕಂಪೈಲ್ ಮಾಡುತ್ತಿತ್ತು ಎಂದು ಶಂಕಿಸಬಹುದು. ಒಮ್ಮೆ ಮಾಡಿಟ್ಟದ್ದನ್ನು ಅದು ಸಾಮಾನ್ಯವಾಗಿ ಮತ್ತೆ ಮಾಡುವುದಿಲ್ಲ. ಅದೇ ತಿರುವಿನಲ್ಲಿ, ಅದೇ ಸೇತುವೆಯ ಬಳಿ ಪ್ರತಿ ಸಲವೂ ಮುಳ್ಳು ಎದ್ದರೆ ಹೊಸ ಜಾಗದ ಸಾಮಗ್ರಿ ಡಿಸ್ಕಿನಿಂದ ಬರುವುದು ತಡವಾಗುತ್ತಿದೆ, ಇಲ್ಲವೇ ಕಾರ್ಡಿನ ಮೆಮೊರಿ ತುಂಬಿ ತುಳುಕುತ್ತಿದೆ. ಇವೆರಡೂ ಅಲ್ಲದೆ ಗಡಿಯಾರ ಹಿಡಿದಂತೆ ಸಮಾನ ಅಂತರದಲ್ಲಿ ಎದ್ದರೆ ಆಟದ ಹೊರಗಿನ ಯಾವುದೋ ಕೆಲಸದ ಮೇಲೆ ಕಣ್ಣಿಡಬೇಕು.

ಈ ಯಂತ್ರದ ಮುಳ್ಳುಗಳ ನಡುವೆ ಸರಿಯಾಗಿ ಎರಡೆರಡು ಸೆಕೆಂಡ್ ಅಂತರವಿತ್ತು. ಬೀದಿಯಲ್ಲಿ ನಡೆದರೂ ಅಷ್ಟೇ, ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತರೂ ಅಷ್ಟೇ. ಗಡಿಯಾರದ ಪಕ್ಕ ಆರು ಪುಟ್ಟ ಚಿಹ್ನೆಗಳು ಕೂತಿದ್ದವು. ಒಂದೊಂದನ್ನೇ ಮುಚ್ಚುತ್ತ, ಪ್ರತಿ ಸಲ ರೆಕಾರ್ಡ್ ಮಾಡುತ್ತ ಹೋದೆ. ನಾಲ್ಕನೆಯದನ್ನು ಮುಚ್ಚಿದಾಗ ಮುಳ್ಳುಗಳು ಹೋದವು. ಮತ್ತೆ ತೆರೆದೆ, ಬಂದವು. ಅದು ಫ್ಯಾನು ಮತ್ತು ಬಣ್ಣದ ದೀಪಗಳನ್ನು ನಿಯಂತ್ರಿಸುವ ತಂತ್ರಾಂಶ. ಎರಡು ಸೆಕೆಂಡಿಗೊಮ್ಮೆ ಸೆನ್ಸರ್‌ಗಳಿಂದ ಬಿಸಿ, ವೋಲ್ಟೇಜ್ ಓದುತ್ತಿತ್ತು. ಓದುವಷ್ಟು ಹೊತ್ತು ಆಟ ಕೈಕಟ್ಟಿ ನಿಲ್ಲುತ್ತಿತ್ತು.

ದೀಪ ಬಿಡಲು ಹುಡುಗನಿಗೆ ಮನಸ್ಸಿರಲಿಲ್ಲ. ಸರಿ, ಎರಡು ಸೆಕೆಂಡಿಗೆ ಬದಲು ಐದು ಸೆಕೆಂಡಿಗೊಮ್ಮೆ ಓದಲಿ ಎಂದು ಬದಲಿಸಿದೆ. 20 ಸೆಕೆಂಡಿನಲ್ಲಿ ಹತ್ತರ ಬದಲು ನಾಲ್ಕು ಮುಳ್ಳು. ಅತಿ ನಿಧಾನದ 18ರ ಸರಾಸರಿ ಈಗ ಸುಮಾರು 28 ಮಿಲಿಸೆಕೆಂಡ್, ಅಂದರೆ ಒನ್ ಪರ್ಸೆಂಟ್ ಲೋ 18ರಿಂದ 35ಕ್ಕೆ ಜಿಗಿಯಿತು. ಕಾಗದದ ಮೇಲೆ ದುಪ್ಪಟ್ಟು! ಆದರೆ ಪ್ರತಿ ಮುಳ್ಳೂ ಹಿಂದಿನಷ್ಟೇ ಎತ್ತರ, 90 ಮಿಲಿಸೆಕೆಂಡ್. ಹುಡುಗ ಐದು ನಿಮಿಷ ಆಡಿ, "ಅಣ್ಣಾ, ಈಗಲೂ ನಿಲ್ಲುತ್ತದೆ, ಸ್ವಲ್ಪ ಬಿಟ್ಟುಬಿಟ್ಟು" ಎಂದ. ಗ್ರಾಫ್ ತೋರಿಸುತ್ತಿದ್ದದ್ದೂ ಅದನ್ನೇ. ಕೊನೆಗೆ ದೀಪಗಳು ಆರಿದವು. ಸರಾಸರಿ ಏರಿದ್ದು 90ರಿಂದ 94ಕ್ಕೆ, ಬರೀ ನಾಲ್ಕು.

ಇಂಥ ಪರೀಕ್ಷೆಯನ್ನು ಒಂದೇ ಸಲ ಮಾಡಿ ತೀರ್ಪು ಕೊಡಬೇಡಿ, ಕನಿಷ್ಠ ಮೂರು ಸಲ ನಡೆಯಿರಿ. 18 ಫ್ರೇಮ್‌ಗಳ ಮೇಲೆ ನಿಂತ ಅಂಕಿ ಅಲುಗಾಡುತ್ತಲೇ ಇರುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಶೇಕಡ 0.1ರ ಲೋ ಹೇಳುತ್ತಾರೆ. 20 ಸೆಕೆಂಡಿನ ರೆಕಾರ್ಡಿಂಗ್‌ನಲ್ಲಿ ಅದು ಎರಡು ಫ್ರೇಮ್‌ಗಳ ಭವಿಷ್ಯ, ಲಾಟರಿಯೇ ಸರಿ.

ಇನ್ನೊಂದು ಗ್ರಾಫ್ ಹೇಳಿ ಮುಗಿಸುತ್ತೇನೆ, ಅದು ನಮ್ಮ ಊರಿನದೇ. ಮೇ ತಿಂಗಳಲ್ಲಿ ಒಬ್ಬರು ಲ್ಯಾಪ್‌ಟಾಪ್ ತಂದರು. ಅಂಗಡಿಯಲ್ಲಿ 20 ಸೆಕೆಂಡ್ ನೋಡಿದರೆ 11 ಮಿಲಿಸೆಕೆಂಡಿನ ಸಪಾಟು ಗೆರೆ, ಒಂದು ಮುಳ್ಳೂ ಇಲ್ಲ, ಒನ್ ಪರ್ಸೆಂಟ್ ಲೋ ಸರಾಸರಿಯ ಪಕ್ಕದಲ್ಲೇ. ಏನೂ ಆಗಿಲ್ಲ ಎಂದು ಕಳಿಸಿದೆ. ಮರುದಿನ ಮತ್ತೆ ಬಂದರು. ಈ ಸಲ ಅವರ ಮನೆಯಲ್ಲೇ, ತಗಡಿನ ಸೂರಿನ ಕೋಣೆಯಲ್ಲಿ, ಮಧ್ಯಾಹ್ನ ಅರ್ಧ ಗಂಟೆ ರೆಕಾರ್ಡ್ ಮಾಡಿಸಿದೆ. ಹೊರಗೆ ನಲವತ್ತು ದಾಟಿದ ಬಿಸಿಲು. ಹತ್ತು ನಿಮಿಷ ಗೆರೆ 11ರಲ್ಲೇ ಇತ್ತು. ಆಮೇಲೆ ದಿಬ್ಬ ಹತ್ತುವ ಎತ್ತಿನಂತೆ ಮೆಲ್ಲಗೆ ಏರಿ 15ರಲ್ಲಿ ನಿಂತಿತು. 90 ಇದ್ದದ್ದು 66 ಆಗಿತ್ತು. ಅದು ಮುಗ್ಗರಿಕೆಯಲ್ಲ, ಸುಸ್ತು. ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಂಡಿತ್ತು. ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸುವ ಪೇಸ್ಟ್ ಬದಲಿಸಿದ ಮೇಲೆ ಗೆರೆ 12ರ ಆಚೆ ಹೋಗಲಿಲ್ಲ.

ನನ್ನ ಅಂಗಡಿಯಲ್ಲಿ ಎಸಿ ಇದೆ. ಹಾಗಾಗಿ ಈಗ ಯಾರೇ ಬಂದರೂ ಯಂತ್ರಕ್ಕಿಂತ ಮೊದಲು ರೆಕಾರ್ಡಿಂಗ್ ಕೇಳುತ್ತೇನೆ. ಮನೆಯಲ್ಲಿ, ನೀವು ಆಡುವ ಹೊತ್ತಿನಲ್ಲೇ, ಮಾಡಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ ಎನ್ನುತ್ತೇನೆ.