ಬೈಬ್ಯಾಕ್ ಹಣಕ್ಕೆ ಒಂದು ತೆರಿಗೆ, ಡಿವಿಡೆಂಡ್‌ಗೆ ಇನ್ನೊಂದು

ಕೇಳುಗರಿಗೆ ನಮಸ್ಕಾರ.

ಕಂಪನಿ ತನ್ನ ಕೈಲಿರುವ ಹಣವನ್ನು ಷೇರುದಾರರಿಗೆ ಎರಡು ದಾರಿಯಲ್ಲಿ ಕೊಡಬಹುದು. ಡಿವಿಡೆಂಡ್ ಅಂತ ಹಂಚಬಹುದು. ಇಲ್ಲವೇ, ಷೇರುದಾರರಿಂದ ತನ್ನದೇ ಷೇರುಗಳನ್ನು ಕೊಳ್ಳಬಹುದು, ಅದು ಬೈಬ್ಯಾಕ್. ಹಣ ಬರುವುದು ಅದೇ ಕಂಪನಿಯಿಂದ. ಹಾಗಿದ್ದರೂ ಅನೇಕ ದೇಶಗಳಲ್ಲಿ ಇವೆರಡಕ್ಕೆ ಬೇರೆ ಬೇರೆ ತೆರಿಗೆ. ಯಾಕೆ ಅಂತ ಒಂದು ಲೆಕ್ಕ ಹಿಡಿದು ನೋಡೋಣ.

ಒಂದು ಕಂಪನಿಗೆ 1,000 ಷೇರುಗಳಿವೆ. ಒಂದು ಷೇರಿನ ಬೆಲೆ 100. ಅದರಲ್ಲಿ ನಿಮ್ಮ ಹತ್ತಿರ 100 ಷೇರುಗಳಿವೆ. ನೀವು ಕೊಂಡಾಗ ಬೆಲೆ 80 ಇತ್ತು, ಅಂದರೆ ಹಾಕಿದ ದುಡ್ಡು 8,000. ಈಗ ಕಂಪನಿ 10,000 ಹಂಚಬೇಕು ಅಂತಿದೆ. ತೆರಿಗೆ ಎರಡಕ್ಕೂ ನೂರಕ್ಕೆ 20 ಅಂತಲೇ ಇಟ್ಟುಕೊಳ್ಳೋಣ.

ಮೊದಲು ಡಿವಿಡೆಂಡ್. ಷೇರಿಗೆ 10ರಂತೆ ನಿಮಗೆ 1,000 ಬರುತ್ತದೆ. ಅಷ್ಟು ಹಣ ಕಂಪನಿಯಿಂದ ಹೊರಗೆ ಹೋಯಿತಲ್ವಾ? ಹಾಗಾಗಿ ಷೇರಿನ ಬೆಲೆ 90ಕ್ಕೆ ಇಳಿಯುತ್ತದೆ. ನೀವು ಏನನ್ನೂ ಬಿಟ್ಟುಕೊಟ್ಟಿಲ್ಲ, ನೂರು ಷೇರೂ ನಿಮ್ಮ ಹತ್ತಿರವೇ ಇವೆ. ಆದ್ದರಿಂದ ಕಾನೂನು ಇಡೀ 1,000ವನ್ನು ಆದಾಯ ಅಂತ ನೋಡುತ್ತದೆ. ತೆರಿಗೆ 200.

ಈಗ ಬೈಬ್ಯಾಕ್. ಕಂಪನಿ ತಲಾ 100ರಂತೆ 100 ಷೇರು ಕೊಳ್ಳುತ್ತದೆ. ಎಲ್ಲರೂ ತಮ್ಮ ಪಾಲಿನಷ್ಟು ಮಾರಿದರೆ ನೀವು ಕೊಡುವುದು 10 ಷೇರು. ನಿಮಗೆ ಬರುವುದು ಅದೇ 1,000. ಆದರೆ ಆ ಹತ್ತು ಷೇರಿಗೆ ನೀವು ಹಿಂದೆ 800 ಕೊಟ್ಟಿದ್ದಿರಿ. ಅದು ನಿಮ್ಮ ದುಡ್ಡೇ, ವಾಪಸ್ ಬಂತು. ಲಾಭ ಬರೀ 200. ಇದನ್ನು ಮಾರಾಟ ಅಂತ ನೋಡುವ ಕಾನೂನು ಬಂಡವಾಳ ಲಾಭದ ಲೆಕ್ಕ ಹಿಡಿಯುತ್ತದೆ. ತೆರಿಗೆ 40.

ದರ ಒಂದೇ, ಕೈಗೆ ಬಂದ ಹಣವೂ ಒಂದೇ. ಒಂದು ಕಡೆ 200, ಇನ್ನೊಂದು ಕಡೆ 40. ಈ ಅಂತರ ಹುಟ್ಟಿದ್ದು ಕೊಂಡ ಬೆಲೆಯನ್ನು ಕಳೆಯಲು ಬಿಟ್ಟದ್ದರಿಂದ.

ಹಾಗಾದರೆ ಬೈಬ್ಯಾಕ್‌ನಲ್ಲಿ 160 ಉಳಿದೇಬಿಟ್ಟಿತಾ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೆ ಒಂದು ದಿನ, ಬೆಲೆ ಬದಲಾಗದೆ ಇರುವಾಗಲೇ, ಉಳಿದ ಷೇರನ್ನೆಲ್ಲ ಮಾರಿದಿರಿ ಅನ್ನಿ. ಡಿವಿಡೆಂಡ್ ದಾರಿಯಲ್ಲಿ 8,000 ಹಾಕಿದ್ದ ನೂರು ಷೇರು 9,000ಕ್ಕೆ ಹೋಗುತ್ತವೆ. ಲಾಭ 1,000, ತೆರಿಗೆ 200. ಬೈಬ್ಯಾಕ್ ದಾರಿಯಲ್ಲಿ ಉಳಿದದ್ದು 90 ಷೇರು, ಅವಕ್ಕೆ ಹಾಕಿದ್ದು 7,200. ಅವೂ 9,000ಕ್ಕೇ ಹೋಗುತ್ತವೆ. ಲಾಭ 1,800, ತೆರಿಗೆ 360. ಈಗ ಕೂಡಿಸಿ. ಅಲ್ಲಿ 200 ಮತ್ತು 200. ಇಲ್ಲಿ 40 ಮತ್ತು 360. ಎರಡೂ 400!

ಅಂದರೆ ದರ ಒಂದೇ ಆಗಿದ್ದರೆ ಬೈಬ್ಯಾಕ್ ತೆರಿಗೆಯನ್ನು ಅಳಿಸುವುದಿಲ್ಲ, ಮುಂದಕ್ಕೆ ಹಾಕುತ್ತದೆ. ಇದು ಸಣ್ಣ ಅನುಕೂಲವೇನಲ್ಲ. ಇಪ್ಪತ್ತು ವರ್ಷ ಮಾರದೆ ಇದ್ದರೆ ಆ 160 ಅಷ್ಟು ಕಾಲ ನಿಮಗಾಗಿ ದುಡಿಯುತ್ತದೆ. ಬಂಡವಾಳ ಲಾಭದ ದರವೇ ಕಡಿಮೆ ಇರುವ ಕಡೆ ಉಳಿತಾಯ ಇನ್ನೂ ಜಾಸ್ತಿ. ಜೊತೆಗೆ ಆಯ್ಕೆಯೂ ನಿಮ್ಮದು. ಡಿವಿಡೆಂಡ್ ಬೇಡ ಅಂದರೂ ಬರುತ್ತದೆ, ತೆರಿಗೆಯನ್ನೂ ತರುತ್ತದೆ. ಬೈಬ್ಯಾಕ್‌ನಲ್ಲಿ ಷೇರು ಕೊಡದೆ ಸುಮ್ನೆ ಇದ್ದವರಿಗೆ ಆ ವರ್ಷ ತೆರಿಗೆಯೇ ಇಲ್ಲ.

ಸರ್ಕಾರಗಳಿಗೆ ಇರುವ ತಕರಾರು ಕೂಡ ನ್ಯಾಯವಾದದ್ದೇ ಅಂತ ನನಗನ್ನಿಸುತ್ತದೆ. ನಮ್ಮ ಉದಾಹರಣೆಯನ್ನೇ ನೋಡಿ. ಮೊದಲು ನಿಮ್ಮ ಪಾಲು ಸಾವಿರದಲ್ಲಿ ನೂರು, ಆಮೇಲೆ ಒಂಬೈನೂರರಲ್ಲಿ ತೊಂಬತ್ತು. ಎರಡೂ ಹತ್ತನೇ ಒಂದು ಭಾಗ. ನೀವು ಷೇರು ಮಾರಿದರೂ ಕಂಪನಿಯಲ್ಲಿ ನಿಮ್ಮ ಪಾಲು ಕಡಿಮೆಯಾಗಲಿಲ್ಲ. ಹೆಸರು ಮಾರಾಟ, ನಡೆದದ್ದು ಹಂಚಿಕೆ. ಇದನ್ನು ಹಿಡಿಯಲು ಅಮೆರಿಕದ ಕಾನೂನಿನಲ್ಲಿ ಕೆಲವು ಪರೀಕ್ಷೆಗಳಿವೆ. ಅದರಲ್ಲೊಂದು ಹೀಗೆ: ನಿಮ್ಮ ಪಾಲು ಮೊದಲಿದ್ದದ್ದರ ನೂರಕ್ಕೆ 80ಕ್ಕಿಂತ ಕೆಳಗೆ ಇಳಿದಿದ್ದು, ಕಂಪನಿಯ ಅರ್ಧ ಮತಗಳಿಗಿಂತ ಕಡಿಮೆ ನಿಮ್ಮ ಕೈಲಿದ್ದರೆ ಅದು ಮಾರಾಟ. ಯಾವ ಪರೀಕ್ಷೆಯೂ ದಾಟದಿದ್ದರೆ, ಕಂಪನಿಯ ಲಾಭದಿಂದ ಬಂದ ಆ ಹಣಕ್ಕೆ ಡಿವಿಡೆಂಡ್ ತೆರಿಗೆ.

ಭಾರತ 2024ರ ಅಕ್ಟೋಬರ್ 1ರಿಂದ 2026ರ ಮಾರ್ಚ್ ಕೊನೆಯವರೆಗೆ ಬೇರೆ ದಾರಿ ಹಿಡಿದಿತ್ತು. ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಹಣವನ್ನು ಡಿವಿಡೆಂಡ್ ಎಂದೇ ಎಣಿಸುವ ನಿಯಮ ತಂದಿತು. ಕೊಂಡ ಬೆಲೆಯನ್ನು ಆಗಲೇ ಕಳೆಯಲು ಬಿಡಲಿಲ್ಲ. ಅದನ್ನು ಬಂಡವಾಳ ನಷ್ಟ ಅಂತ ಬರೆದಿಟ್ಟು, ಮುಂದಿನ ಬಂಡವಾಳ ಲಾಭಕ್ಕೆ ಸರಿದೂಗಿಸಲು ಬಿಟ್ಟಿತು. ನಮ್ಮ ಲೆಕ್ಕಕ್ಕೆ ಹಾಕಿದರೆ, ಮೊದಲು 1,000ಕ್ಕೆ 200 ತೆರಿಗೆ. ಆಮೇಲೆ 1,800 ಲಾಭದಲ್ಲಿ 800 ಕಳೆದು, ಉಳಿದ 1,000ಕ್ಕೆ 200. ಮತ್ತೆ ಅದೇ 400, ಡಿವಿಡೆಂಡ್‌ನ ಹಾಗೆಯೇ.

ಆದರೆ ಆ ನಿಯಮ ಸರಿಹೋಗುತ್ತಿದ್ದದ್ದು ಮುಂದೆ ಲಾಭ ಬಂದವರಿಗೆ ಮಾತ್ರ. ಇಂಥ ನಷ್ಟವನ್ನು ಎಂಟು ವರ್ಷದವರೆಗೆ ಮಾತ್ರ ಮುಂದಕ್ಕೆ ಒಯ್ಯಬಹುದು. ಅದೂ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿದ್ದರೆ. ಇರುವ ಷೇರನ್ನೆಲ್ಲ ಬೈಬ್ಯಾಕ್‌ಗೆ ಕೊಟ್ಟು, ಬೇರೆ ಯಾವ ಹೂಡಿಕೆಯೂ ಇಲ್ಲದ ಸಣ್ಣ ಷೇರುದಾರನಿಗೆ ಆ ನಷ್ಟ ಕಾಗದದ ಮೇಲೇ ಉಳಿದುಬಿಡಬಹುದು. ಆಗ ಅವನು ತಾನೇ ಹಾಕಿದ ದುಡ್ಡಿಗೂ ತೆರಿಗೆ ಕಟ್ಟಿದಂತಾಗುತ್ತದೆ.

ನಮಸ್ಕಾರ.